ಮದ್ಯ ಬಿಟ್ಟಾಗಿನ ತೊಂದರೆಗಳ ಆರೈಕೆ: ವಾರ್ಡ್ ಕಾರ್ಯವಿಧಾನ

ಸಾರ್ವಜನಿಕ ಆಸ್ಪತ್ರೆ, ಮಾನ್ವಿ. ತುರ್ತು ವಿಭಾಗ ಮತ್ತು ಎಲ್ಲ ವಾರ್ಡ್‌ಗಳಿಗೆ.

ದಾಖಲಾತಿಯಲ್ಲೇ ಕೇಳಿ

ಕಾಲು ಮುರಿದುಕೊಂಡೋ ಹಾವು ಕಚ್ಚಿಯೋ ಬಂದವರು ಕುಡಿತದ ಮಾತನ್ನು ತಾವಾಗಿ ಎತ್ತುವುದಿಲ್ಲ. ಕೊನೆಯ ಬಾರಿ ಕುಡಿದದ್ದು ಎಷ್ಟು ಗಂಟೆಗೆ, ದಿನಕ್ಕೆ ಎಷ್ಟು, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ ಎಂದು ರೋಗಿಯನ್ನೂ ಮನೆಯವರನ್ನೂ ಬೇರೆ ಬೇರೆಯಾಗಿ ಕೇಳಿ ಬರೆದುಕೊಳ್ಳಿ. ಸೇಂದಿ ಕುಡಿಯುತ್ತಿದ್ದರೇ ಎಂದೂ ಕೇಳಲೇಬೇಕು. ಕಲಬೆರಕೆ ಸೇಂದಿಯಲ್ಲಿ ಕ್ಲೋರಲ್ ಹೈಡ್ರೇಟ್, ಡಯಾಜೆಪಾಮ್, ಆಲ್ಪ್ರಜೋಲಾಮ್ ಇರುವುದುಂಟು. ಅಂಥವರಲ್ಲಿ ಔಷಧವನ್ನು ಇನ್ನೂ ನಿಧಾನವಾಗಿ ಇಳಿಸಬೇಕಾಗುತ್ತದೆ.

ನಡುಕ, ಬೆವರು ಕೊನೆಯ ಬಾರಿ ಕುಡಿದ ಸುಮಾರು 6 ಗಂಟೆಯ ನಂತರ ಶುರುವಾಗುತ್ತವೆ. ಫಿಟ್ಸ್ ಹೆಚ್ಚಾಗಿ 48 ಗಂಟೆಯೊಳಗೆ, ಸನ್ನಿ 48ರಿಂದ 96 ಗಂಟೆಯ ನಡುವೆ.

ಅಂಕ

ಮದ್ಯ ಬಿಟ್ಟಾಗಿನ ಲಕ್ಷಣಗಳ ತೀವ್ರತೆ ಅಳೆಯುವ ಸಿವಾ-ಎಆರ್ ಪಟ್ಟಿಯಲ್ಲಿ 10 ಅಂಶಗಳಿವೆ, ಗರಿಷ್ಠ 67 ಅಂಕ. 8ಕ್ಕಿಂತ ಕಡಿಮೆ ಇದ್ದರೆ ಔಷಧ ಬೇಡ, 4 ಗಂಟೆಗೊಮ್ಮೆ ಮತ್ತೆ ನೋಡಿ. 8ರಿಂದ 15 ಇದ್ದರೆ ಡಯಾಜೆಪಾಮ್ 10 ಮಿ.ಗ್ರಾಂ ಬಾಯಿಯಿಂದ ಕೊಟ್ಟು ಒಂದು ಗಂಟೆಗೆ ಮರುಅಂಕ. 15 ದಾಟಿದರೆ 20 ಮಿ.ಗ್ರಾಂ ಕೊಟ್ಟು ವೈದ್ಯರನ್ನು ಕರೆಯಿರಿ. ರೋಗಿ ಶಾಂತವಾಗುವವರೆಗೆ 2 ಗಂಟೆಗೊಮ್ಮೆ ಪುನರಾವರ್ತನೆ. ತೂಕಡಿಕೆ ಬಂದರೆ ಅಥವಾ ಉಸಿರಾಟ ನಿಮಿಷಕ್ಕೆ 12ಕ್ಕಿಂತ ಇಳಿದರೆ ಮುಂದಿನ ಡೋಸ್ ಕೊಡಬೇಡಿ. 24 ಗಂಟೆಯಲ್ಲಿ 60 ಮಿ.ಗ್ರಾಂ ಮುಟ್ಟಿದರೆ ತಜ್ಞ ವೈದ್ಯರು ಖುದ್ದಾಗಿ ನೋಡದೆ ಮುಂದುವರಿಯಬಾರದು.

ಮಾತನಾಡಲಾಗದವರಿಗೆ ಈ ಅಂಕ ನಂಬಲರ್ಹವಲ್ಲ. ಹಿಂದೆ ಫಿಟ್ಸ್ ಅಥವಾ ಸನ್ನಿ ಬಂದವರಿಗೆ ಅಂಕ ಏರುವುದನ್ನು ಕಾಯದೆ ಕ್ಲೋರ್‌ಡಯಾಜೆಪಾಕ್ಸೈಡ್ 25 ಮಿ.ಗ್ರಾಂ ದಿನಕ್ಕೆ 4 ಬಾರಿ ಆರಂಭಿಸಿ, ಲಕ್ಷಣ ಹತೋಟಿಗೆ ಬಂದ ಮೇಲೆ ದಿನಕ್ಕೆ ಕಾಲುಭಾಗದಂತೆ ಇಳಿಸಿ. ಕಾಮಾಲೆ, ಹೊಟ್ಟೆಯಲ್ಲಿ ನೀರು, ಇಳಿವಯಸ್ಸು ಇದ್ದರೆ ಲೊರಾಜೆಪಾಮ್ 1–2 ಮಿ.ಗ್ರಾಂ ಮಾತ್ರ. ಫಿಟ್ಸ್ ಬಂದರೆ ಲೊರಾಜೆಪಾಮ್ 2–4 ಮಿ.ಗ್ರಾಂ ರಕ್ತನಾಳಕ್ಕೆ ನಿಧಾನವಾಗಿ. ಹ್ಯಾಲೊಪೆರಿಡಾಲ್ ಒಂದನ್ನೇ ಕೊಟ್ಟು ಸುಮ್ಮನಾಗಬೇಡಿ, ಅದು ಫಿಟ್ಸ್ ಬರುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ.

ಥಯಮಿನ್

ಎಲ್ಲರಿಗೂ ಕೊಡಿ: 200 ಮಿ.ಗ್ರಾಂ ದಿನಕ್ಕೊಮ್ಮೆ ಇಂಜೆಕ್ಷನ್ ಮೂಲಕ, 3ರಿಂದ 5 ದಿನ. ಗೊಂದಲ, ಕಣ್ಣು ಅದುರುವಿಕೆ, ನಡೆಯುವಾಗ ತೂರಾಟ, ಇವುಗಳಲ್ಲಿ ಒಂದೇ ಕಂಡರೂ ಥಯಮಿನ್ ಕೊರತೆಯಿಂದ ಮಿದುಳಿಗೆ ಬರುವ ವರ್ನಿಕೆ ಕಾಯಿಲೆ ಎಂದೇ ಭಾವಿಸಿ: 500 ಮಿ.ಗ್ರಾಂ ಅನ್ನು 100 ಮಿ.ಲೀ. ಸಲೈನ್‌ನಲ್ಲಿ ಬೆರೆಸಿ 30 ನಿಮಿಷದಲ್ಲಿ, ದಿನಕ್ಕೆ 3 ಬಾರಿ. ತಪ್ಪಿ ಹೆಚ್ಚು ಕೊಟ್ಟರೆ ಆಗುವ ಹಾನಿ ಅಲ್ಪ, ಕೊಡದಿದ್ದರೆ ನೆನಪು ಶಾಶ್ವತವಾಗಿ ಹೋಗಬಹುದು. ಗ್ಲೂಕೋಸ್ ಡ್ರಿಪ್‌ಗೆ ಮೊದಲೇ ಥಯಮಿನ್. ಆದರೆ ಸಕ್ಕರೆ ಕುಸಿದಿದ್ದರೆ ಗ್ಲೂಕೋಸ್ ಕೊಡಲು ತಡಮಾಡಬೇಡಿ, ಎರಡನ್ನೂ ಒಟ್ಟಿಗೆ ಕೊಡಿ. ಪೊಟ್ಯಾಸಿಯಂ, ಮೆಗ್ನೀಸಿಯಂ ಪರೀಕ್ಷಿಸಿ ಸರಿಪಡಿಸಿ.

ತಪ್ಪು ತಿಳಿಯದಿರಿ

ಬಡಬಡಿಸುವವರೆಲ್ಲ ಕುಡುಕರಲ್ಲ. ತಲೆಪೆಟ್ಟು, ಸೋಂಕು, ಯಕೃತ್ ವೈಫಲ್ಯ ಮತ್ತು ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಶಾಖಾಘಾತ, ಇವು ಇಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಿ. ಜ್ವರ 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಫಿಟ್ಸ್ ಮರುಕಳಿಸಿದರೆ ಅಥವಾ ಸನ್ನಿ ಹತೋಟಿಗೆ ಬಾರದಿದ್ದರೆ ರಾಯಚೂರಿನ ರಿಮ್ಸ್‌ಗೆ ಆಂಬುಲೆನ್ಸ್‌ನಲ್ಲಿ, ಜೊತೆಗೆ ಕೊಟ್ಟ ಡೋಸ್‌ಗಳ ಪಟ್ಟಿ.

ಕೈಕಾಲು ಕಟ್ಟಿಹಾಕುವುದು ಚಿಕಿತ್ಸೆಯಲ್ಲ. ಬೆಳಕಿರುವ ಮೂಲೆಯ ಹಾಸಿಗೆ, ಪರಿಚಿತ ಮುಖವೊಂದು, ಆಗಾಗ ಗುಟುಕು ನೀರು ಬೇಕು. ಬೈಗುಳ ಬೇಡ.

ಬಿಡುಗಡೆಯ ದಿನ ಥಯಮಿನ್ ಮಾತ್ರೆ ಕೊಡಿ, ಡಯಾಜೆಪಾಮ್ ಚೀಟಿ ಬರೆಯಬೇಡಿ. ಟೆಲಿ-ಮನಸ್ ಸಹಾಯವಾಣಿ 14416 ಅನ್ನು ಮನೆಯವರ ಮೊಬೈಲ್‌ನಲ್ಲಿ ನೀವೇ ಉಳಿಸಿಕೊಡಿ.