ಬೇಸಿಗೆಯ ಖಾರಪುಡಿ ಪ್ರಚಾರ: ಮುಗಿದ ಮೇಲೆ ಬರೆದ ವಿನ್ಯಾಸ ಟಿಪ್ಪಣಿ

ಕೆಲಸ: ಹುಬ್ಬಳ್ಳಿಯ ಮಸಾಲೆ ಅಂಗಡಿಗೆ ಬ್ಯಾಡಗಿ ಖಾರಪುಡಿಯ ಪ್ರಚಾರ. ಬಟ್ಟೆ ಬ್ಯಾನರ್, ಆಟೋ ಹಿಂದಿನ ಪೋಸ್ಟರ್, ವಾಟ್ಸಾಪ್ ಸ್ಟೇಟಸ್, ಪ್ಯಾಕೆಟ್ ಲೇಬಲ್. ಫೆಬ್ರವರಿಯಿಂದ ಏಪ್ರಿಲ್‌ವರೆಗೆ.

ಚೆನ್ನಾಗಿ ಆದದ್ದು

ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಒಂದೇ ಒಂದು ಮೆಣಸಿನಕಾಯಿಯ ಫೋಟೋ. ಮೊದಲು ಪುಡಿಯ ರಾಶಿ ತೋರಿಸುವ ಯೋಚನೆ ಇತ್ತು. ಆದರೆ ಪುಡಿ ಯಾವ ಊರಿನದಾದರೂ ಪುಡಿಯೇ. ಬ್ಯಾಡಗಿ ಗೊತ್ತಾಗುವುದು ಅದರ ಸುಕ್ಕಿನಿಂದ. ಬದಿಯಿಂದ ಬೆಳಕು ಕೊಟ್ಟಾಗ ಒಂದೊಂದು ಸುಕ್ಕಿಗೂ ನೆರಳು ಬಿತ್ತು, ತೊಟ್ಟಿನ ಹತ್ತಿರದ ಮಡಿಕೆಯೂ ಕಂಡಿತು. ಅಂಗಡಿಗೆ ಬಂದವರು ಫೋಟೋ ನೋಡಿಯೇ ‘ಬ್ಯಾಡಗಿ ಐತಲ್ಲ’ ಅಂದರು. ಅಷ್ಟು ಸಾಕು.

‘ಖಾರ ಕುಟ್ಟಿಸಿದ್ರೇನ್ರೀ?’ ಅನ್ನುವ ಸಾಲನ್ನು ಹೀಗೇ ಇಟ್ಟುಕೊಳ್ಳೋಣ. ಬೇಸಿಗೆಯಲ್ಲಿ ನಮ್ಮ ಕಡೆ ಓಣಿಯಲ್ಲಿ ಕೇಳುವ ಮಾತೇ ಅದು. ಆಟೋ ಪೋಸ್ಟರ್ ಕೂಡ ಮುಂದುವರಿಯಲಿ. ಚೆನ್ನಮ್ಮ ಸರ್ಕಲ್‌ನಲ್ಲಿ ಆಟೋ ಹಿಂದೆ ನಿಂತವರಿಗೆ ಓದಲು ಪುರುಸೊತ್ತು ಇರುತ್ತದೆ.

ಬದಲಿಸಬೇಕಾದ್ದು

ಅಕ್ಷರದ ಸಾಲುಗಳ ನಡುವಿನ ಜಾಗ. ‘ಖಾರ ಕುಟ್ಟಿಸಿದ್ರೇನ್ರೀ?’ ತಲೆಬರಹದ ಕೆಳಗೆ ಇನ್ನೊಂದು ಸಾಲು ಬಂದಾಗ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಗುಲುತ್ತದೆ. ಸಾಫ್ಟ್‌ವೇರ್ ತಾನಾಗಿ ಕೊಡುವ ಅಂತರ ಅಕ್ಷರದ ಅಳತೆಯ ಶೇ. 120. ಅದು ಇಂಗ್ಲಿಷಿಗೆ ಸರಿ, ನಮಗೆ ಇಕ್ಕಟ್ಟು. ಶೇ. 145ರಿಂದ ಶುರು ಮಾಡಿ, ಒತ್ತು ನೋಡಿಕೊಂಡು ಕಡಿಮೆ ಮಾಡೋಣ. ಇದರಲ್ಲಿ ರಾಜಿ ಬೇಡ. ಕನ್ನಡ ಓದುವವರಿಗೆ ಒತ್ತು ಪೂರ್ತಿ ಕಾಣಲೇಬೇಕು.

ಕೆಂಪು ಬಣ್ಣ. ಪರದೆಯ ಮೇಲೆ ಹೊಳೆಯುವ ಕೆಂಪು ಬಟ್ಟೆಯ ಮೇಲೆ ಮಂಕಾಯಿತು. ಬಟ್ಟೆ ಶಾಯಿ ಹೀರುತ್ತದೆ, ಅದರ ಮೇಲೆ ಕಪ್ಪು ಬೆರೆತರೆ ಕೆಂಪು ಕಂದಾಗುತ್ತದೆ. ಮುಂದಿನ ಸಲ ಬ್ಯಾನರ್‌ಗೆ ಬೇರೆ ಫೈಲ್: ಮೆಜೆಂಟಾ, ಹಳದಿ ಪೂರ್ತಿ, ಕಪ್ಪು ಸೊನ್ನೆ. ಅದೇ ಬಟ್ಟೆಯ ಒಂದು ಅಡಿ ತುಂಡಿನ ಮೇಲೆ ಪ್ರಿಂಟ್ ತೆಗೆಸಿ, ಅಂಗಡಿ ಹೊರಗೆ ಮಧ್ಯಾಹ್ನದ ಬಿಸಿಲಲ್ಲಿ ಹಿಡಿದು ನೋಡಿದ ಮೇಲೆಯೇ ಒಪ್ಪಿಗೆ. ಟ್ಯೂಬ್‌ಲೈಟ್ ಕೆಳಗೆ ನೋಡಿದ್ದು ಲೆಕ್ಕಕ್ಕಿಲ್ಲ.

ಬ್ಯಾನರ್‌ನಿಂದ ಕ್ಯೂಆರ್ ಕೋಡ್ ತೆಗೆಯಬೇಕು. ಬೈಕ್ ಮೇಲೆ ಹೋಗುವವರು ಅದನ್ನು ಸ್ಕ್ಯಾನ್ ಮಾಡಲ್ಲ ಅಲ್ವಾ? ಆ ಜಾಗಕ್ಕೆ ಫೋನ್ ನಂಬರ್ ದೊಡ್ಡದಾಗಿ ಬರಲಿ. ಕೋಡ್ ಕೌಂಟರ್ ಮೇಲೆ ಇರಲಿ.

ಎಲ್ಲ ಕಡೆ ಒಂದೇ ನಂಬರ್ ಇದ್ದುದರಿಂದ ಯಾವ ಕರೆ ಎಲ್ಲಿಂದ ಬಂತು ಅನ್ನುವುದು ತಿಳಿಯಲಿಲ್ಲ. ಆಟೋ ಪೋಸ್ಟರ್‌ಗೆ ಇನ್ನೊಂದು ನಂಬರ್ ಕೊಡಲು ಅಂಗಡಿಯವರನ್ನು ಕೇಳಬೇಕು.

ದರಪಟ್ಟಿ ನುಡಿ ಫಾಂಟ್‌ನ ಹಳೆಯ ಫೈಲಿನಲ್ಲಿ ಬಂದಿತ್ತು. ಯುನಿಕೋಡ್‌ಗೆ ಬದಲಿಸಿದಾಗ ಅರ್ಕಾವೊತ್ತು ಇರುವ ಪದಗಳನ್ನು ಒಂದೊಂದಾಗಿ ಓದಿ ತಿದ್ದಬೇಕಾಯಿತು. ಇನ್ನು ಮೇಲೆ ಪಠ್ಯವನ್ನು ವಾಟ್ಸಾಪ್‌ನಲ್ಲೇ ಟೈಪ್ ಮಾಡಿ ಕಳಿಸಲು ಹೇಳೋಣ. ತಿದ್ದಿದ ಪಟ್ಟಿ, ಮೆಣಸಿನಕಾಯಿಯ ಮೂಲ ಫೋಟೋ ಎರಡೂ ಪ್ರಚಾರದ ಫೋಲ್ಡರ್‌ನಲ್ಲಿವೆ.