ಮುಂಬಾಗಿಲ ಬೀಗ: ಅಂಗಡಿಯಲ್ಲಿ ಹೇಳಬೇಕಾದ ಹೆಸರುಗಳು

ನಮ್ಮ ಮುಂಬಾಗಿಲಿನದು ಮಾರ್ಟೈಸ್ ಲಾಕ್. ಅಂದರೆ ಬಾಗಿಲಿನ ದಪ್ಪದೊಳಗೆ ಗೂಡು ಕೊರೆದು ಕೂರಿಸಿದ ಬೀಗ. ಹಳೆಯ ಭಾಗ ಬಿಚ್ಚಿ ಅಂಗಡಿಗೆ ಒಯ್ದರೆ ಮನೆ ತೆರೆದೇ ಇರಬೇಕು, ಅಲ್ವಾ? ಅದಕ್ಕೇ ಈ ಪಟ್ಟಿ. ಅಳತೆಗಳೆಲ್ಲ ಮಿಲಿಮೀಟರಿನಲ್ಲಿ.

ಲಾಕ್ ಬಾಡಿ: ಬಾಗಿಲೊಳಗೆ ಅಡಗಿರುವ ಲೋಹದ ಪೆಟ್ಟಿಗೆ. ಬಾಗಿಲಿನ ಅಂಚಿನಲ್ಲಿ ಕಾಣುವ ಅದರ ಉದ್ದ ಪಟ್ಟಿಗೆ ಫೋರೆಂಡ್ ಎನ್ನುತ್ತಾರೆ.

ಬ್ಯಾಕ್‌ಸೆಟ್: ಬಾಗಿಲಿನ ಅಂಚಿನಿಂದ ಕೀಲಿ ತೂತಿನ ನಡುಮಧ್ಯಕ್ಕೆ ಇರುವ ದೂರ. ತೂತಿನ ಅಂಚಿಗಲ್ಲ, ನಡುವಿಗೆ. ಅತಿ ಮುಖ್ಯವಾದ ಅಳತೆ ಇದೇ. ನಮ್ಮದು 45. ಹೋದ ಸಲ ಅಳೆಯದೆ ಸುಮ್ನೆ ಕಣ್ಣಂದಾಜಿನಲ್ಲಿ 60ರದ್ದು ತಂದೆ. ಕೀಲಿ ತೂತು 15 ಒಳಕ್ಕೆ ಹೋಯಿತು. ಆಚಾರಿಯವರು ಒಳ್ಳೆಯ ತೇಗದ ಬಾಗಿಲಿಗೆ ತೇಪೆ ಹಾಕಬೇಕಾಯಿತು. ಅದನ್ನು ನೋಡಿದರೆ ಈಗಲೂ ಬೇಜಾರಾಗುತ್ತದೆ.

ಸೆಂಟರ್: ಹ್ಯಾಂಡಲ್ ತಿರುಗುವ ಜಾಗದ ನಡುವಿನಿಂದ ಕೆಳಗೆ ಕೀಲಿ ಹಾಕುವ ಸಿಲಿಂಡರಿನ ನಡುವಿಗೆ ಇರುವ ದೂರ. ನಮ್ಮದು 85. ಹ್ಯಾಂಡಲ್ ಪ್ಲೇಟ್ ಕೊಳ್ಳುವಾಗಲೂ ಇದನ್ನು ಹೇಳಬೇಕು.

ಸ್ಪಿಂಡಲ್: ಎರಡೂ ಕಡೆಯ ಹ್ಯಾಂಡಲ್ ಜೋಡಿಸುವ ಚೌಕ ಸರಳು. 8.

ಲ್ಯಾಚ್: ಹ್ಯಾಂಡಲ್ ಒತ್ತಿದರೆ ಒಳಸರಿಯುವ, ಇಳಿಜಾರು ಮೂತಿಯ ನಾಲಿಗೆ. ಹಿಂದೆ ಸ್ಪ್ರಿಂಗ್ ಇರುತ್ತದೆ. ಬಾಗಿಲು ತಳ್ಳಿದರೆ ತಾನೇ ಕೂರುತ್ತದೆ.

ಡೆಡ್ ಬೋಲ್ಟ್: ಕೀಲಿ ತಿರುಗಿಸಿದರೆ ಮಾತ್ರ ಚಾಚುವ ಚೌಕ ನಾಲಿಗೆ. "ಲಾಕಿನ ನಾಲಿಗೆ" ಎಂದಷ್ಟೇ ಹೇಳಿದರೆ ಅಂಗಡಿಯವರಿಗೆ ಯಾವುದೆಂದು ತಿಳಿಯುವುದಿಲ್ಲ.

ಸ್ಟ್ರೈಕ್ ಪ್ಲೇಟ್: ಚೌಕಟ್ಟಿನ ಮೇಲಿರುವ, ನಾಲಿಗೆಗಳು ಹೊಕ್ಕುವ ತೂತಿನ ತಗಡು. ಮಳೆಗಾಲದಲ್ಲಿ ಮರ ಊದಿ ಬಾಗಿಲು ಸರಿಯಾಗಿ ಹಾಕಿಕೊಳ್ಳದಿದ್ದರೆ ಬೀಗವನ್ನೇ ಬದಲಿಸಲು ಹೊರಡಬೇಡಿ. ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಲ್ಯಾಚಿನ ಮೂತಿಗೆ ಹಚ್ಚಿ ಬಾಗಿಲು ಮುಚ್ಚಿ ನೋಡಿ. ತಗಡಿನ ಮೇಲೆ ಗುರುತು ತೂತಿಗಿಂತ ಮೇಲಕ್ಕೆ ಬಿತ್ತೋ ಕೆಳಕ್ಕೆ ಬಿತ್ತೋ ತಿಳಿಯುತ್ತದೆ. ಎಷ್ಟೋ ಸಲ ತಗಡನ್ನು ಚೂರು ಸರಿಸಿದರೆ ಸಾಕು.

ಸಿಲಿಂಡರ್: ಕೀಲಿ ಹಾಕುವ ಭಾಗ. ಕೀಲಿ ಕಳೆದರೆ ಇದೊಂದನ್ನೇ ಬದಲಿಸಬಹುದು. ನಡುವಿನ ಸ್ಕ್ರೂ ತೂತಿನಿಂದ ಎರಡೂ ಕಡೆಗೆ ಬೇರೆ ಬೇರೆ ಅಳೆಯಬೇಕು. ನಮ್ಮದು 30 ಮತ್ತು 30, ಒಟ್ಟು 60. ಉದ್ದ ಜಾಸ್ತಿಯಾಗಿ ಹೊರಗೆ ಚಾಚಿಕೊಂಡರೆ ಕಳ್ಳರು ಇಕ್ಕಳದಲ್ಲಿ ಹಿಡಿದು ಮುರಿಯಬಹುದು.

ಎಸ್ಕಚನ್: ಕೀಲಿ ತೂತಿನ ಸುತ್ತ ಕೂರುವ ಅಂದದ ಬಿಲ್ಲೆ. ಈ ಹೆಸರು ಗೊತ್ತಾಗದಿದ್ದರೆ "ಕೀ ಹೋಲ್ ಪ್ಲೇಟ್" ಎನ್ನಿ. ತೂತಿನ ಆಕಾರವನ್ನೂ ಹೇಳಿ.

ಎಡ, ಬಲ: "ರೈಟ್ ಹ್ಯಾಂಡ್" ಎಂದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ. ಹಿಂಜ್ ಯಾವ ಕಡೆಗಿದೆ, ಬಾಗಿಲು ಒಳಕ್ಕೋ ಹೊರಕ್ಕೋ ತೆರೆಯುವುದು ಎಂದು ಬಿಡಿಸಿಯೇ ಹೇಳಿ.

ಅಂಗಡಿಯಲ್ಲಿ ಓದಿ ಹೇಳಲು: "ಅಣ್ಣ, ಮಾರ್ಟೈಸ್ ಲಾಕ್ ಬಾಡಿ ಕೊಡಿ. ಬ್ಯಾಕ್‌ಸೆಟ್ 45, ಸೆಂಟರ್ 85, ಸ್ಪಿಂಡಲ್ 8. ಸಿಲಿಂಡರ್ ಬೇಡ, ಇದೆ. ಹೊರಗೆ ನಿಂತು ನೋಡಿದರೆ ಹಿಂಜ್ ಬಲಕ್ಕಿದೆ, ಬಾಗಿಲು ಒಳಕ್ಕೆ ತೆರೆಯುತ್ತೆ. ಸ್ಟ್ರೈಕ್ ಪ್ಲೇಟೂ ಜೊತೆಗೇ ಬೇಕು."