ಏಳೂವರೆ ಗಂಟೆ ಸಭೆ, ಒಂದು ನಿಮಿಷದಲ್ಲಿ

ಅಕ್ಕಾ, ನಾಳೆ ಬೆಳಿಗ್ಗೆ 7.20ಕ್ಕೆ ನಮ್ಮ ಸಮುದಾಯ ರೇಡಿಯೊದಲ್ಲಿ ಓದುವ ಹಾಳೆ ಇದು. ಮಧ್ಯಾಹ್ನ 1ಕ್ಕೆ ಮತ್ತು ರಾತ್ರಿ 8ಕ್ಕೂ ಇದನ್ನೇ ಓದಿ. ಎರಡು ಗೆರೆ ಇರುವಲ್ಲಿ ಒಂದು ಉಸಿರು ನಿಲ್ಲಿಸಿ. ಗಡಿಯಾರ ಹಿಡಿದು ಗಟ್ಟಿಯಾಗಿ ಓದಿ ನೋಡಿದೆ, ನನಗೆ 58 ಸೆಕೆಂಡ್ ಆಯಿತು. ನೀವು ನನಗಿಂತ ಸ್ವಲ್ಪ ನಿಧಾನ, ಹಾಗಾಗಿ ಸರಿಯಾಗಿ ಒಂದು ನಿಮಿಷ.

ಓದುವುದು ಇಲ್ಲಿಂದ:

ನಮಸ್ಕಾರ. ನಿನ್ನೆ ನಗರಸಭೆಯ ಸಾಮಾನ್ಯ ಸಭೆ ಏಳೂವರೆ ಗಂಟೆ ನಡೆಯಿತು. ಅದರಲ್ಲಿ ನಿಮ್ಮ ಮನೆಗೆ ಬೇಕಾದ ಮಾಹಿತಿ, ಒಂದೇ ನಿಮಿಷದಲ್ಲಿ. //

ಮೊದಲು ನೀರು. ಈಗ ಆರು ದಿನಕ್ಕೊಮ್ಮೆ ಬರುತ್ತಿರುವ ನಲ್ಲಿ ನೀರನ್ನು ಮೇ 1ರಿಂದ ನಾಲ್ಕು ದಿನಕ್ಕೊಮ್ಮೆ ಬಿಡುತ್ತೇವೆ ಎಂದು ನಗರಸಭೆ ಹೇಳಿದೆ. 9, 14, 22 ಮತ್ತು 23ನೇ ವಾರ್ಡುಗಳಿಗೆ ಮಳೆ ಬರುವವರೆಗೂ ಟ್ಯಾಂಕರ್ ನೀರು. ಟ್ಯಾಂಕರ್‌ನವರಿಗೆ ದುಡ್ಡು ಕೊಡಬೇಡಿ, ಬಾಡಿಗೆ ನಗರಸಭೆಯದ್ದು. //

ಕಸ. ಮೇ 15ರಿಂದ ಹಸಿ ಕಸ, ಒಣ ಕಸ ಬೆರೆಸಿ ಕೊಟ್ಟರೆ ಗಾಡಿಯವರು ತೆಗೆದುಕೊಳ್ಳುವುದಿಲ್ಲ. ಹಸಿ ಕಸ ದಿನಾ ಕೊಡಿ. ಒಣ ಕಸ ಬುಧವಾರ ಮತ್ತು ಶನಿವಾರ. //

ಹಳೇ ಸಂತೆ ಬೀದಿಯ ತರಕಾರಿ ವ್ಯಾಪಾರಿಗಳನ್ನು ಸದ್ಯಕ್ಕೆ ಎಬ್ಬಿಸುವುದಿಲ್ಲ. ಮುಂದಿನದು ಪಟ್ಟಣ ವ್ಯಾಪಾರ ಸಮಿತಿಗೆ ಬಿಟ್ಟದ್ದು. //

ಇ-ಖಾತೆಗೆ ಅಲೆಯುತ್ತಿರುವವರಿಗೆ ಪ್ರತಿ ಮಂಗಳವಾರ ಮಧ್ಯಾಹ್ನ 3ರಿಂದ 5ರವರೆಗೆ ಬೇರೆ ಕೌಂಟರ್. //

ಕೊನೆಗೊಂದು ನೆನಪು. ಮನೆ ಕಂದಾಯವನ್ನು ಈ ತಿಂಗಳ 30ರೊಳಗೆ ಕಟ್ಟಿದರೆ ಶೇ 5 ರಿಯಾಯಿತಿ. ನಮಸ್ಕಾರ.

ಓದುವುದು ಇಲ್ಲಿಗೆ ಮುಗಿಯಿತು.

ಹಾಡುಗಳ ನಡುವೆ ಜಾಗ ಸಿಕ್ಕರೆ ಓದಲು ಒಂದು ಪುಟಾಣಿ ತುಂಡೂ ಇದೆ, 15 ಸೆಕೆಂಡ್ ಸಾಕು: "ನಲ್ಲಿ ನೀರು ಮೇ 1ರಿಂದ ನಾಲ್ಕು ದಿನಕ್ಕೊಮ್ಮೆ ಎಂದು ನಗರಸಭೆ ಹೇಳಿದೆ. ಟ್ಯಾಂಕರ್ ನೀರಿಗೆ ದುಡ್ಡು ಕೊಡಬೇಡಿ. ಕಸ ಬೇರೆ ಮಾಡಿ ಕೊಡಿ, ಮೇ 15ರಿಂದ ಬೆರೆಸಿದ ಕಸ ಗಾಡಿಗೆ ಹೋಗುವುದಿಲ್ಲ."

ಇನ್ನು ಮುಂದಿನದು ಓದುವುದಕ್ಕಲ್ಲ, ನಿಮಗೆ. ಹೋದ ತಿಂಗಳು ಓದಿ ಮುಗಿಸುವಷ್ಟರಲ್ಲಿ ಹನ್ನೊಂದು ಫೋನ್ ಬಂದು ನೀವು ಒಬ್ಬರೇ ಒದ್ದಾಡಿದಿರಿ ಅಲ್ವಾ. ಅದಕ್ಕೆ ಯಾವ ಸಾಲಿನ ಹಿಂದೆ ಏನಿದೆ ಅಂತ ಬರೆದಿಡುತ್ತಿದ್ದೇನೆ. ಕೈಯಲ್ಲಿಟ್ಟುಕೊಳ್ಳಿ.

ಮೊದಲನೆಯದಾಗಿ, "ಸುದ್ದಿ" ಅನ್ನುವ ಪದ ಎಲ್ಲೂ ಬರಬಾರದು. "ಮಾಹಿತಿ" ಅಂತಲೇ ಓದಿ. ಸಮುದಾಯ ರೇಡಿಯೊಗೆ ಸ್ವಂತ ಸುದ್ದಿ ಮತ್ತು ರಾಜಕೀಯ ಹೇಳಲು ಅನುಮತಿ ಇಲ್ಲ. ಆಕಾಶವಾಣಿಯ ಸುದ್ದಿಯನ್ನು ಹಾಗೇ ಪ್ರಸಾರ ಮಾಡಬಹುದು ಅಷ್ಟೇ. ಆದರೆ ನೀರು, ಕರೆಂಟು, ಆರೋಗ್ಯ ಅಂತ ಸ್ಥಳೀಯ ಆಡಳಿತ ಜನಕ್ಕೆ ಕೊಡುವ ಪ್ರಕಟಣೆಗಳನ್ನು ಸುದ್ದಿ ಅಂತ ಲೆಕ್ಕ ಹಾಕುವುದಿಲ್ಲ. ನಮ್ಮ ಒಂದು ನಿಮಿಷ ನಿಂತಿರುವುದೇ ಆ ಸಂದಿಯಲ್ಲಿ. ಅದಕ್ಕೇ ಯಾವ ಸದಸ್ಯರು ಏನಂದರು, ಯಾವ ಪಕ್ಷದವರು ಎದ್ದು ಹೋದರು ಅನ್ನುವುದು ಒಂದು ಅಕ್ಷರವೂ ಇಲ್ಲ. ನಿಜ ಹೇಳಬೇಕೆಂದರೆ ನಿಯಮ ಇಲ್ಲದಿದ್ದರೂ ನಾನು ಹಾಕುತ್ತಿರಲಿಲ್ಲ. ಕೊಡ ಹಿಡಿದು ನಿಂತವರಿಗೆ ಅದನ್ನು ಕಟ್ಟಿಕೊಂಡು ಏನಾಗಬೇಕು?

ನೀರಿನ ಸಾಲಿನಲ್ಲಿ "ಎಂದು ನಗರಸಭೆ ಹೇಳಿದೆ" ಅನ್ನುವುದನ್ನು ದಯವಿಟ್ಟು ನುಂಗಬೇಡಿ. ಬೆಳಗಿನ ಅವಸರದಲ್ಲಿ ಅದೇ ಮೊದಲು ಬಿದ್ದುಹೋಗುತ್ತದೆ. ಊರಿಗೆ ನೀರೆತ್ತುವ ಜಾಕ್‌ವೆಲ್‌ನಲ್ಲಿ ಇರುವುದು ಎರಡು ಮೋಟರ್. ಒಂದು ಮಾರ್ಚ್‌ನಲ್ಲೇ ಸುಟ್ಟುಹೋಗಿತ್ತು, ಅದನ್ನು ರಿವೈಂಡಿಂಗ್ ಮಾಡಿಸಿ ತಂದಿದ್ದಾರೆ. ಅದನ್ನು ಕೂರಿಸಿದ ಮೇಲೆ ನಾಲ್ಕು ದಿನಕ್ಕೊಮ್ಮೆ ಬಿಡಬಹುದು ಅಂತ ಎಂಜಿನಿಯರ್ ಸಭೆಗೆ ಹೇಳಿದರು. ಕೂರಿಸಿದ್ದೇವೆ ಅನ್ನಲಿಲ್ಲ. ಕರೆಂಟು ಕೈಕೊಡಬಾರದು ಅಂತಲೂ ಒಂದು ಮಾತು ಸೇರಿಸಿದರು. ಅಂದರೆ ಇದು ಭರವಸೆ, ಇನ್ನೂ ನೀರಲ್ಲ. ಹಾಗಾಗಿ ನಾವು "ಬರುತ್ತದೆ" ಅಂತ ಹೇಳಿ, ಮೇ 1ಕ್ಕೆ ನಲ್ಲಿಯಲ್ಲಿ ಬರೀ ಗಾಳಿ ಬಂದರೆ, ಬೈಸಿಕೊಳ್ಳುವುದು ನಾವೇ. ಮೇ 1ಕ್ಕೇ ಎಲ್ಲ ಬೀದಿಗೂ ಬರುವುದಿಲ್ಲ ಅನ್ನುವುದೂ ನೆನಪಿರಲಿ. ಅವತ್ತಿನಿಂದ ಸರದಿ ಬದಲಾಗುತ್ತದೆ ಅಷ್ಟೇ, ಯಾವ ಬೀದಿಗೆ ಯಾವ ದಿನ ಅಂತ ಕೇಳಿದರೆ ಅವರ ವಾರ್ಡಿನ ವಾಲ್ವ್‌ಮನ್‌ನ ಕೇಳಲು ಹೇಳಿ.

ಟ್ಯಾಂಕರ್ ಬಗ್ಗೆಯೇ ಜಾಸ್ತಿ ಫೋನ್ ಬರುವುದು, ಬರೆದಿಟ್ಟುಕೊಳ್ಳಿ. ಆ ನಾಲ್ಕು ವಾರ್ಡು ಯಾಕೆ ಅಂದರೆ, ಎರಡು ದಿಬ್ಬದ ಮೇಲಿವೆ, ಇನ್ನೆರಡು ಪೈಪ್‌ಲೈನಿನ ಕೊನೆಯಲ್ಲಿವೆ. ಅಲ್ಲಿಗೆ ಹೋಗುವಷ್ಟರಲ್ಲಿ ನೀರಿಗೆ ಒತ್ತಡವೇ ಇರುವುದಿಲ್ಲ. ಬಾಡಿಗೆ ಟ್ಯಾಂಕರ್ ಆರು, ಒಂದೊಂದು 5,000 ಲೀಟರ್. ಬಾಡಿಗೆ ಟ್ರಿಪ್ ಲೆಕ್ಕದಲ್ಲಿ. ಹೋದ ವರ್ಷ ಓಡದ ಟ್ರಿಪ್‌ಗೂ ಬಿಲ್ ಆಗಿತ್ತು ಅಂತ ಒಬ್ಬ ಸದಸ್ಯೆ ಹಳೇ ಚೀಟಿಗಳ ಕಟ್ಟನ್ನೇ ಮೇಜಿನ ಮೇಲೆ ಸುರಿದರು. ಈ ಸಲ ಪ್ರತಿ ಟ್ರಿಪ್‌ಗೂ ಆ ಬೀದಿಯ ಇಬ್ಬರ ಸಹಿ ಬೇಕು. ಸಹಿ ಹಾಕುವ ಮುಂಚೆ ಟ್ಯಾಂಕರ್ ನಿಜವಾಗಿ ಬಂದಿದೆಯಾ ನೋಡಿ ಅಂತ ಯಾರಾದರೂ ಕೇಳಿದರೆ ಹೇಳಬಹುದು. ಈ ಸಹಿ ವಿಷಯ ಸ್ಕ್ರಿಪ್ಟಿನಲ್ಲೇ ಇರಬೇಕಿತ್ತು, ಏನು ಮಾಡಿದರೂ ಐದು ಸೆಕೆಂಡ್ ಜಾಸ್ತಿ ಆಯಿತು. ರಾತ್ರಿ ಎಂಟರ ಓದಿಗೆ ಕೊನೆಯ ಹಾಡು ಸ್ವಲ್ಪ ಮೊಟಕು ಮಾಡಿದರೆ ಸೇರಿಸೋಣ.

ಕಸದ ಸಾಲಿನಲ್ಲಿ ದಂಡ ಅನ್ನುವ ಮಾತು ತರಬೇಡಿ. ಎಷ್ಟು ದಂಡ ಅನ್ನುವುದನ್ನು ಮುಂದಿನ ಸಭೆಗೆ ಇಟ್ಟಿದ್ದಾರೆ. ಸದ್ಯಕ್ಕೆ ಬೆರೆಸಿದ ಕಸವನ್ನು ವಾಪಸ್ ಕೊಡುವುದು ಮಾತ್ರ. ಇದೇನು ಹೊಸ ಕಾನೂನು ಅಂತ ಕೇಳಿದರೆ, ಮನೆಯಲ್ಲೇ ಬೇರೆ ಮಾಡಿ ಕೊಡಬೇಕು ಅನ್ನುವುದು 2016ರ ಘನತ್ಯಾಜ್ಯ ನಿಯಮದಲ್ಲೇ ಇತ್ತು, ನಮ್ಮಲ್ಲಿ ಅದು ಆಟೊ ಟಿಪ್ಪರಿನ ಹಾಡಿನಲ್ಲಿ ಮಾತ್ರ ಉಳಿದಿತ್ತು. ಪ್ಯಾಡ್, ಡೈಪರ್ ಏನು ಮಾಡೋದು ಅಂತ ಹೆಣ್ಣುಮಕ್ಕಳು ಫೋನಿನಲ್ಲಿ ಮೆಲ್ಲಗೆ ಕೇಳುತ್ತಾರೆ. ಪೇಪರಿನಲ್ಲಿ ಸುತ್ತಿ ಬೇರೆಯಾಗಿ ಕೊಡಬೇಕು, ದಿನಾ ತೆಗೆದುಕೊಳ್ಳುತ್ತಾರೆ. ಪೌರಕಾರ್ಮಿಕರು ಅದನ್ನು ಬರಿಗೈಯಲ್ಲಿ ಹೆಕ್ಕುವ ಹಾಗೆ ಆಗಬಾರದು ಅಂತಲೂ ಹೇಳಿ.

ಸಂತೆ ಬೀದಿಯ ವಿಷಯಕ್ಕೆ ಎರಡು ಗಂಟೆ ನಲವತ್ತು ನಿಮಿಷ ಹೋಯಿತು. ನಾನು ಹನ್ನೆರಡು ಪುಟ ಬರೆದುಕೊಂಡಿದ್ದೆ, ಉಳಿದದ್ದು ಎರಡು ಸಾಲು. ಬಾವಿಗಿಳಿದು ಧರಣಿ ಆಯಿತು, ಅಜೆಂಡಾ ಹಾಳೆ ಹರಿದರು, ಸಭೆ ಇಪ್ಪತ್ತು ನಿಮಿಷ ಮುಂದೂಡಿದರು, ಆ ಇಪ್ಪತ್ತು ನಿಮಿಷದಲ್ಲಿ ಕೂಗಾಡಿದವರೆಲ್ಲ ಒಂದೇ ತಟ್ಟೆಯಲ್ಲಿ ವಡೆ ತಿಂದರು. ಕೊನೆಗೆ ಗಲಾಟೆ ನಿಲ್ಲಿಸಿದ್ದು ಪೌರಾಯುಕ್ತರು ಓದಿದ ಕಾನೂನು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಮೊದಲು ಎಲ್ಲ ವ್ಯಾಪಾರಿಗಳ ಸಮೀಕ್ಷೆ ಮುಗಿಯಬೇಕು, ಪ್ರಮಾಣಪತ್ರ ಕೊಡಬೇಕು. ಅಲ್ಲಿಯವರೆಗೂ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಜನ ವ್ಯಾಪಾರಿಗಳೇ ಆರಿಸಿ ಕಳಿಸಿದವರು ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಸೊಪ್ಪಿನ ಅಜ್ಜಿಯರು ಖಂಡಿತ ಫೋನ್ ಮಾಡಿಸುತ್ತಾರೆ. "ಸದ್ಯಕ್ಕೆ" ಅನ್ನುವ ಪದವನ್ನು ಅವರಿಗೂ ಬಿಡಿಸಿ ಹೇಳಿ. ನಾಳೆ ಬುಟ್ಟಿ ಎತ್ತಬೇಕಾಗಿಲ್ಲ. ಎಂದೆಂದಿಗೂ ಇಲ್ಲೇ ಅಂತ ಯಾರೂ ಬರೆದುಕೊಟ್ಟಿಲ್ಲ.

ಇ-ಖಾತೆ ಕೌಂಟರ್ ಶನಿವಾರ ಇರಲಿ, ಕೂಲಿಗೆ ಹೋಗುವವರಿಗೆ ಅನುಕೂಲ ಅಂತ ಸದಸ್ಯರು ಕೇಳಿದ್ದರು. ಎರಡನೇ, ನಾಲ್ಕನೇ ಶನಿವಾರ ಸರ್ಕಾರಿ ರಜೆ, ಜನ ಗೊಂದಲ ಮಾಡಿಕೊಳ್ಳುತ್ತಾರೆ ಅಂತ ಮಂಗಳವಾರ ಮಾಡಿದರು. ಅಷ್ಟೇ.

ಕಂದಾಯದ ಸಾಲನ್ನು "ಸಭೆ ತೀರ್ಮಾನಿಸಿದೆ" ಅಂತ ಓದಬೇಡಿ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ಬಿಡುವುದು ಪ್ರತಿವರ್ಷ ಇರುವುದೇ, ಅದನ್ನು ಯಾರೂ ಈ ಸಭೆಯಲ್ಲಿ ದಾನ ಮಾಡಲಿಲ್ಲ. ಅದಕ್ಕೇ "ನೆನಪು" ಅಂತ ಬರೆದೆ. ಮೇ, ಜೂನ್‌ನಲ್ಲಿ ಕಟ್ಟಿದರೆ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈನಿಂದ ತಿಂಗಳಿಗೆ ಶೇ 2 ಸೇರುತ್ತಾ ಹೋಗುತ್ತದೆ. 30ನೇ ತಾರೀಖು ರಾತ್ರಿಯ ಓದು ಮುಗಿದ ಮೇಲೆ ಈ ಸಾಲು ಹೊಡೆದುಹಾಕಿ, ಆ ಜಾಗಕ್ಕೆ ಟ್ಯಾಂಕರ್ ಸಹಿಯದ್ದನ್ನು ಹಾಕಿ.

ಕೈಬಿಟ್ಟದ್ದು ಇನ್ನೂ ಇದೆ. ಬೀದಿನಾಯಿ ಸಂತಾನಹರಣಕ್ಕೆ ಯಾರೂ ಟೆಂಡರ್ ಹಾಕಲಿಲ್ಲ, ಮತ್ತೆ ಕರೆಯುತ್ತಾರೆ. ಕೇಳುವವರಿಗೆ ಅದರಿಂದ ನಾಳೆ ಬೆಳಿಗ್ಗೆ ಏನೂ ಬದಲಾಗುವುದಿಲ್ಲ, ಅದಕ್ಕೇ ಬಿಟ್ಟೆ. ಬಸ್ ಸ್ಟ್ಯಾಂಡ್ ಸರ್ಕಲ್ಲಿಗೆ ಯಾರ ಹೆಸರು ಅಂತ ನಲವತ್ತು ನಿಮಿಷ ಚರ್ಚೆ ಆಗಿ ಏನೂ ಆಗಲಿಲ್ಲ. ಸಂಜೆ ಆರು ಗಂಟೆಯ ಮೇಲೆ, ಅರ್ಧ ಜನ ಎದ್ದು ಹೋದ ನಂತರ, ಹತ್ತೊಂಬತ್ತು ಬಿಲ್ಲುಗಳಿಗೆ ಘಟನೋತ್ತರ ಮಂಜೂರಾತಿ ಸಿಕ್ಕಿತು, ಒಟ್ಟು ಹನ್ನೊಂದು ನಿಮಿಷದಲ್ಲಿ. ಕೆಲಸ ಮುಗಿದು ದುಡ್ಡೂ ಖರ್ಚಾದ ಮೇಲೆ ಕೇಳುವ ಒಪ್ಪಿಗೆ ಅದು. ವಿಷಯ ಸಂಖ್ಯೆ ಓದುವುದು, "ಸಮ್ಮತಿ" ಅನ್ನುವುದು, ಮುಂದಿನದು. ಯಾರೂ ಬಾವಿಗಿಳಿಯಲಿಲ್ಲ. ಇದನ್ನೊಂದು ಸಾಲು ಹಾಕೋಣ ಅಂತ ಎರಡು ಸಲ ಬರೆದೆ, ಎರಡು ಸಲ ಹೊಡೆದೆ. ಪ್ರಕಟಣೆ ಅಂತ ಹೇಳಿಕೊಳ್ಳಲು ಆಗುವುದಿಲ್ಲ ಅದು. ಬಿಲ್ಲುಗಳ ಪಟ್ಟಿ ನನ್ನ ಹತ್ತಿರ ಇದೆ, ಯಾರಾದರೂ ನಾಗರಿಕರು ಕೇಳಿದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುವುದು ಹೇಗೆ ಅಂತ ಹೇಳಿಕೊಡಿ, ಹತ್ತು ರೂಪಾಯಿ ಶುಲ್ಕ.

ಬೆಳಿಗ್ಗೆ ಓದು ಒಂದು ನಿಮಿಷ ದಾಟುವ ಹಾಗೆ ಕಂಡರೆ ಇ-ಖಾತೆ ಸಾಲು ಬಿಡಿ. ನೀರಿನದ್ದಕ್ಕೆ ಮಾತ್ರ ಕೈ ಹಚ್ಚಬೇಡಿ, ಅದನ್ನು ನಿಧಾನಕ್ಕೇ ಓದಿ, ವಾರ್ಡಿನ ನಂಬರುಗಳ ನಡುವೆ ಒಂದೊಂದು ಚುಟುಕು ಬಿಡುವು ಕೊಡಿ. 22, 23 ಎರಡೂ ಒಟ್ಟಿಗೆ ಉರುಳಿದರೆ ಒಂದೇ ಅಂತ ಕೇಳಿಸುತ್ತದೆ.

ಇನ್ನೊಂದು. ನಡಾವಳಿಗೆ ಇನ್ನೂ ಸಹಿ ಆಗಿಲ್ಲ. ಟ್ಯಾಂಕರ್ ಪಟ್ಟಿಗೆ 17ನೇ ವಾರ್ಡನ್ನೂ ಸೇರಿಸಿ ಅಂತ ಆ ವಾರ್ಡಿನವರು ಸಭೆ ಮುಗಿದ ಮೇಲೂ ಕಚೇರಿಯಲ್ಲೇ ಕೂತಿದ್ದರು. ಬೆಳಿಗ್ಗೆ ಏಳಕ್ಕೆ ನೀರು ಸರಬರಾಜು ವಿಭಾಗದವರನ್ನು ವಿಚಾರಿಸಿ ನಿಮಗೆ ಫೋನ್ ಮಾಡುತ್ತೇನೆ. ಪೆನ್ಸಿಲ್ ಪಕ್ಕದಲ್ಲೇ ಇಟ್ಟುಕೊಂಡಿರಿ.